ಕುಕ್ಕೆಯಿಂದ ಶೃಂಗೇರಿವರೆಗೆ: ಮೂರು ದಿನದ ವೇಳಾಪಟ್ಟಿ

ಬೆಂಗಳೂರಿಂದ ಹೊರಟು ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ ನೋಡಿಕೊಂಡು ಬರಲು ಮೂರು ದಿನ ಸಾಕು. ಆದರೆ ಮನೆಯ ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಬರೀ ದೂರ ಲೆಕ್ಕ ಹಾಕಿ ಹೊರಡಬೇಡಿ. ಮಧ್ಯಾಹ್ನ ಗುಡಿಯ ಬಾಗಿಲು ಯಾವಾಗ ಹಾಕುತ್ತಾರೆ, ಘಟ್ಟವನ್ನು ಎಷ್ಟು ಹೊತ್ತಿಗೆ ದಾಟಬೇಕು, ಈ ಎರಡನ್ನು ಮೊದಲು ಬರೆದುಕೊಳ್ಳಿ. ಊಟ, ತಿಂಡಿ, ಮಲಗುವ ಜಾಗ ಎಲ್ಲ ಅದಕ್ಕೆ ತಾನಾಗಿ ಹೊಂದಿಕೊಳ್ಳುತ್ತವೆ.

ಗುರುವಾರ ಹೊರಡಿ. ಕುಕ್ಕೆಯಲ್ಲಿ ಮಂಗಳವಾರ, ಭಾನುವಾರ, ಷಷ್ಠಿ ದಿನ ಜನ ಜಾಸ್ತಿ. ಧರ್ಮಸ್ಥಳದಲ್ಲಿ ಸೋಮವಾರದ ಸರದಿ ವಯಸ್ಸಾದವರಿಗೆ ಕಷ್ಟ. ಗುರುವಾರ ಹೊರಟರೆ ಶನಿವಾರ ರಾತ್ರಿ ಮನೆ ಸೇರಬಹುದು, ಭಾನುವಾರ ಮೈ ಚಾಚಿ ಮಲಗಬಹುದು.

ಮೊದಲ ದಿನ ಬೆಳಗ್ಗೆ ಐದಕ್ಕೆ ಗಾಡಿ ಹೊರಡಲೇಬೇಕು. ಆರು ದಾಟಿದರೆ ನೆಲಮಂಗಲ ದಾಟುವುದರಲ್ಲೇ ಸಮಯ ಹೋಗುತ್ತದೆ. ಏಳೂವರೆ ಹೊತ್ತಿಗೆ ಚನ್ನರಾಯಪಟ್ಟಣದ ಆಚೀಚೆ ತಿಂಡಿಗೆ ನಿಲ್ಲಿಸಿ. ಅಲ್ಲಿ ಇಡ್ಲಿ ಸಾಕು, ಎಣ್ಣೆಯ ಪೂರಿ ಬೇಡ. ಮುಂದೆ ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಟ್ಟ ಬರುತ್ತದೆ, ಅದರ ತಿರುವುಗಳಲ್ಲಿ ಹೊಟ್ಟೆ ಕೆಡುವುದು ಪೂರಿ ತಿಂದವರಿಗೇ. ಹಾಗಂತ ಖಾಲಿ ಹೊಟ್ಟೆಯಲ್ಲೂ ಹೋಗಬಾರದು. ವಾಂತಿ ಆಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಡಾಕ್ಟರ್ ಕೊಟ್ಟ ಮಾತ್ರೆ ಇದ್ದರೆ ಘಟ್ಟ ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಿ, ತಲೆ ಸುತ್ತಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ಗುಂಡ್ಯದಲ್ಲಿ ತಿರುಗಿ ಕುಕ್ಕೆ ಮುಟ್ಟುವಾಗ ಹೆಚ್ಚುಕಡಿಮೆ ಹನ್ನೆರಡು. ದರ್ಶನ ಸಿಕ್ಕರೆ ಸಂತೋಷ, ಸಿಗದಿದ್ದರೆ ಓಡಬೇಡಿ. ಮಧ್ಯಾಹ್ನದ ಪ್ರಸಾದ ಮುಗಿಸಿ, ರೂಮಿನಲ್ಲಿ ಮಲಗಿ ಎದ್ದು, ಸಂಜೆ ಬಾಗಿಲು ತೆಗೆದ ಮೇಲೆ ಹೋಗಿ. ಅವತ್ತಿಗೆ ಅದೊಂದೇ ಗುಡಿ. ರಾತ್ರಿಯೂ ಅಲ್ಲೇ. ಆಶ್ಲೇಷಾ ಬಲಿ, ಸರ್ಪ ಸಂಸ್ಕಾರ ಮಾಡಿಸುವವರು ಮೊದಲೇ ಹೆಸರು ಬರೆಸಿರಬೇಕು. ಸರ್ಪ ಸಂಸ್ಕಾರಕ್ಕೆ ಎರಡು ದಿನ ಬೇಕು, ಈ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಶುಕ್ರವಾರ ಬೆಳಗ್ಗೆ ಆರಕ್ಕೆ ಹೊರಟರೆ ಏಳೂವರೆ, ಎಂಟಕ್ಕೆ ಧರ್ಮಸ್ಥಳ. ಗಂಡಸರು ಪಂಚೆ ಉಟ್ಟೇ ಗಾಡಿ ಹತ್ತಿದರೆ ಅಲ್ಲಿ ಬಟ್ಟೆ ಬದಲಿಸುವ ಪರದಾಟ ಇರುವುದಿಲ್ಲ. ಒಳಗೆ ಅಂಗಿ ಬನಿಯನ್ ತೆಗೆಯಬೇಕು, ಹೆಗಲಿಗೊಂದು ಶಲ್ಯ ಇರಲಿ. ಹೊರನಾಡಿನಲ್ಲೂ ಅದೇ ಬೇಕಾಗುತ್ತದೆ. ಅನ್ನಪೂರ್ಣ ಛತ್ರದಲ್ಲಿ ಊಟ ಶುರುವಾದಾಗಲೇ ಕೂತು, ಹನ್ನೆರಡೂವರೆಗೆ ಗಾಡಿ ಹತ್ತಿ. ಇದಕ್ಕೆ ಕಾರಣ ಚಾರ್ಮಾಡಿ ಘಟ್ಟ. ಕತ್ತಲೆಯಲ್ಲಿ, ಮಂಜಿನಲ್ಲಿ ಆ ದಾರಿ ಬೇಡವೇ ಬೇಡ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು, ಹಿಂದಿನ ದಿನವೇ ವಿಚಾರಿಸಿ. ಮೇಲೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಸಿಗುತ್ತದೆ, ಇಪ್ಪತ್ತು ನಿಮಿಷ ಎಲ್ಲರೂ ಇಳಿದು ಕಾಲಾಡಿಸಲಿ. ಕಳಸದ ಮೇಲೆ ಹೊರನಾಡು ಸೇರಿದಾಗ ಇನ್ನೂ ಬೆಳಕಿರುತ್ತದೆ. ಅಮ್ಮನವರ ದರ್ಶನ, ರಾತ್ರಿ ಪ್ರಸಾದ, ನಿದ್ದೆ.

ಶನಿವಾರ ಏಳಕ್ಕೆ ಬಿಟ್ಟರೆ ಹತ್ತರೊಳಗೆ ಶೃಂಗೇರಿ. ಶಾರದಾಂಬೆಯ ದರ್ಶನವಾದ ಮೇಲೆ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬಗಳನ್ನು ಮಕ್ಕಳಿಗೆ ತೋರಿಸಿ, ಅವರವರ ರಾಶಿ ಹುಡುಕಲಿ. ತುಂಗೆಯ ಮೀನು ನೋಡುತ್ತಾ ಅವರು ಅರ್ಧ ಗಂಟೆ ಮರೆಯುತ್ತಾರೆ, ಆ ಸಮಯವನ್ನೂ ಪಟ್ಟಿಯಲ್ಲೇ ಸೇರಿಸಿ. ಊಟ ಮಾಡಿ ಒಂದೂವರೆಗೆ ಹೊರಟರೆ ಚಿಕ್ಕಮಗಳೂರು, ಹಾಸನ ಮೇಲೆ ಮನೆ ತಲುಪಲು ರಾತ್ರಿ ಹತ್ತಾಗುತ್ತದೆ.

ಇನ್ನು ಫೋನ್ ನಂಬರುಗಳು. ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ಬ್ಯಾಟರಿ ಮುಗಿಯುತ್ತದೆ. ಅದಕ್ಕೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಹಿರಿಯರೊಬ್ಬೊಬ್ಬರ ಚೀಲಕ್ಕೂ ಒಂದು ಪ್ರತಿ ಹಾಕಿ. ಅದರಲ್ಲಿ ಗಾಡಿ ನಂಬರು, ಡ್ರೈವರ್ ನಂಬರು, ಜೊತೆಗಿರುವ ಇಬ್ಬರ ನಂಬರು, ಅವತ್ತು ಉಳಿಯುವ ವಸತಿಗೃಹದ ಹೆಸರು ಇರಲಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕೆಳಗೆ ಅವರು ನುಂಗುವ ಮಾತ್ರೆಯ ಹೆಸರು, ಹೊತ್ತು. ಧರ್ಮಸ್ಥಳದ ಜನಜಂಗುಳಿಯಲ್ಲಿ ಅಜ್ಜಿ ಕೈ ತಪ್ಪಿದರೆ, ಆ ಹಾಳೆ ತೋರಿಸಿದರೆ ಸಾಕು, ಯಾರಾದರೂ ಫೋನ್ ಮಾಡಿಕೊಡುತ್ತಾರೆ.

ರೂಮಿನ ವಿಷಯದಲ್ಲಿ ಮಾತ್ರ ಹುಷಾರು. ನೆಟ್‌ನಲ್ಲಿ ಮೊದಲು ಕಂಡ ನಂಬರಿಗೆ ಮುಂಗಡ ಕಳಿಸಬೇಡಿ, ದೇವಸ್ಥಾನದ ಹೆಸರಿನಲ್ಲಿ ದುಡ್ಡು ಹೊಡೆಯುವವರು ಇದ್ದಾರೆ. ದೇವಸ್ಥಾನದ ಸ್ವಂತ ವೆಬ್‌ಸೈಟಿನಲ್ಲಿರುವ ಕಚೇರಿ ನಂಬರಿಗೇ ಕರೆ ಮಾಡಿ ರೂಮು ಕೇಳಿ. ಹಾಗೇ ಬಾಗಿಲು ತೆಗೆಯುವ, ಹಾಕುವ ಸಮಯವನ್ನೂ ಕೇಳಿಬಿಡಿ. ಹಬ್ಬ, ಗ್ರಹಣ ಬಂದರೆ ಅದು ಬದಲಾಗುತ್ತದೆ.