ಪ್ರಾಜೆಕ್ಟ್ ಲೆಕ್ಕಕ್ಕೆ ಸಾಲದ ನಿಜವಾದ ದರ ತೆಗೆಯೋದು ಹೇಗೆ?

ತಿಪಟೂರಿನ ಪಾಲುದಾರಿಕೆ ಸಂಸ್ಥೆಯೊಂದು ತೆಂಗಿನಕಾಯಿ ಪುಡಿ ಮಾಡುವ ಹೊಸ ಮೆಷಿನ್‌ಗೆ 50 ಲಕ್ಷ ಸಾಲ ತೆಗೆಯುತ್ತದೆ ಅಂದುಕೊಳ್ಳಿ. ಈ ಮೆಷಿನ್ ಲಾಭ ತರುತ್ತಾ ಎಂದು ನೋಡಲು, ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಬೇಕು. ಅದರಲ್ಲಿ ಒಂದು ಭಾಗ, ತೆರಿಗೆ ಕಳೆದ ಮೇಲಿನ ಸಾಲದ ದರ.

ಹಂತ 1: ಇವತ್ತಿನ ಬಡ್ಡಿ ಹಿಡಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಹಳೆ ಸಾಲಕ್ಕೆ 9% ಇದೆ ಅಂತ ಅದನ್ನೇ ಹಾಕಿಬಿಡುತ್ತಾರೆ. ಹೊಸ ಮೆಷಿನ್‌ಗೆ ದುಡ್ಡು ಬರುವುದು ಹೊಸ ಸಾಲದಿಂದ, ಅಲ್ವಾ? ಬ್ಯಾಂಕ್ ಈಗ 5 ವರ್ಷಕ್ಕೆ 11% ಹೇಳಿದರೆ ಲೆಕ್ಕ 11ರಿಂದಲೇ ಶುರು.

ಆದರೆ ಅಲ್ಲಿಗೇ ನಿಲ್ಲಬೇಡಿ. ಪ್ರೊಸೆಸಿಂಗ್ ಫೀ ಅಂತ 50,000 ಹಿಡಿದುಕೊಂಡರೆ ಕೈಗೆ ಬರುವುದು 49.5 ಲಕ್ಷ, ಕಂತು ಮಾತ್ರ ಪೂರ್ತಿ 50 ಲಕ್ಷದ ಮೇಲೆ, ತಿಂಗಳಿಗೆ 1,08,712 ರೂಪಾಯಿ. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=RATE(60,-108712,4950000)*12
```

ಉತ್ತರ ಸುಮಾರು 11.44%. ಇದು ತಿಂಗಳ ದರವನ್ನು ಬರೀ 12ರಿಂದ ಗುಣಿಸಿದ್ದು. ಪ್ರಾಜೆಕ್ಟ್‌ನ ಆದಾಯವನ್ನು ವರ್ಷಕ್ಕೊಮ್ಮೆ ಬರೆಯುತ್ತೀರಾದರೆ ಇದನ್ನೂ ವಾರ್ಷಿಕಕ್ಕೆ ತಿರುಗಿಸಬೇಕು:

```
=EFFECT(0.1144,12)
```

ಈಗ 12.06% ಆಯಿತು. 11ಕ್ಕೂ ಇದಕ್ಕೂ ಒಂದು ಪರ್ಸೆಂಟ್‌ಗಿಂತ ಜಾಸ್ತಿ ಅಂತರ.

ಮೆಷಿನ್ ಮಾರುವವರು 'ಬರೀ 7% ಫ್ಲಾಟ್' ಎಂದರೆ ನಂಬಲೇಬೇಡಿ. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ. 50 ಲಕ್ಷಕ್ಕೆ 5 ವರ್ಷದಲ್ಲಿ 17.5 ಲಕ್ಷ ಬಡ್ಡಿ, ಕಂತು 1,12,500. ಅದೇ RATE ಸೂತ್ರಕ್ಕೆ ಈ ಕಂತು ಮತ್ತು ಪೂರ್ತಿ 50 ಲಕ್ಷ ಹಾಕಿ ನೋಡಿ, 12.5% ಬರುತ್ತದೆ. ಮೇಲಿನ ಬ್ಯಾಂಕ್ ಸಾಲಕ್ಕಿಂತ ದುಬಾರಿ.

ಹಂತ 2: ತೆರಿಗೆ ಕಳೆಯಿರಿ. ಆದಾಯ 1 ಕೋಟಿ ದಾಟದ ಪಾಲುದಾರಿಕೆ ಸಂಸ್ಥೆಗೆ 30% ತೆರಿಗೆ, ಅದರ ಮೇಲೆ 4% ಸೆಸ್ ಸೇರಿ 31.2%. ಬಡ್ಡಿಯನ್ನು ಖರ್ಚಿಗೆ ಹಾಕುವುದರಿಂದ ಅಷ್ಟು ತೆರಿಗೆ ಉಳಿಯುತ್ತದೆ. 12.06 × (1 − 0.312) = ಸುಮಾರು 8.3%. 22% ತೆರಿಗೆ ಆಯ್ಕೆ ಮಾಡಿಕೊಂಡ ಕಂಪನಿಯಾದರೆ ಸರ್‌ಚಾರ್ಜ್, ಸೆಸ್ ಸೇರಿ 25.17% ಕಳೆಯಿರಿ.

ಲಾಭವೇ ಇಲ್ಲದ ವರ್ಷ ಉಳಿಸಲು ತೆರಿಗೆಯೂ ಇರುವುದಿಲ್ಲ. ಶುರುವಿನಲ್ಲಿ ನಷ್ಟ ಬರುತ್ತದೆ ಅನ್ನಿಸಿದರೆ ಆ ವರ್ಷಗಳಿಗೆ 12.06% ಇಟ್ಟುಕೊಳ್ಳುವುದೇ ಸರಿ. ಬರೀ ತೆಂಗಿನ ತೋಟಕ್ಕೆ ಸಾಲ ಮಾಡಿದರೂ ಇದೇ ಕಥೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಕಳೆಯಲು ಏನೂ ಇಲ್ಲ. ಬ್ಯಾಂಕಿಗೆ ಬಡ್ಡಿ ಕಟ್ಟದೆ ಬಾಕಿ ಇಟ್ಟರೂ ಆ ವರ್ಷ ಅದನ್ನು ಖರ್ಚಿಗೆ ಹಾಕಲು ಬಿಡುವುದಿಲ್ಲ.

ಹಂತ 3: ಸ್ವಂತ ದುಡ್ಡಿನ ಜೊತೆ ಸೇರಿಸಿ. ಸಾಲ 60%, ಸ್ವಂತದ್ದು 40%, ಸ್ವಂತ ದುಡ್ಡಿಗೆ 18% ಬೇಕು ಎಂದರೆ ಡಿಸ್ಕೌಂಟ್ ದರ ಸುಮಾರು 12.2%. ಈ ದರ ಹಾಕಿದ ಮೇಲೆ ವರ್ಷದ ಆದಾಯದಿಂದ ಬಡ್ಡಿಯನ್ನು ಮತ್ತೆ ಕಳೆಯಬೇಡಿ, ಬಡ್ಡಿ ಎರಡು ಸಲ ಕಟ್ಟಿದಂತಾಗಿ ಒಳ್ಳೆ ಮೆಷಿನ್ ಕೂಡ ನಷ್ಟದ್ದು ಅನ್ನಿಸುತ್ತದೆ.