ಬಾಡಿಗೆ ಇಳಿಸಲಿಲ್ಲ, ಉಳಿದದ್ದನ್ನು ಇಳಿಸಿದೆ

ಬೆಳಗಾವಿಯ ಟಿಳಕವಾಡಿಯಲ್ಲಿ ಹನ್ನೆರಡು ಬೈ ಹದಿನೈದು ಅಡಿಯ ಗಾಳಾ, ಅಂದರೆ ಅಂಗಡಿ ಮಳಿಗೆ. ಮಾಲಕರು ಕೇಳಿದ್ದು ತಿಂಗಳಿಗೆ 14,000 ರೂಪಾಯಿ ಬಾಡಿಗೆ, 2 ಲಕ್ಷ ಡಿಪಾಜಿಟ್, ವರ್ಷಕ್ಕೆ ಶೇ. 10 ಏರಿಕೆ, 11 ತಿಂಗಳ ಬಾಂಡ್. ಮೊದಲ ಸಲ ಅಂಗಡಿ ಹಿಡಿಯುವವರು ಸಾಮಾನ್ಯವಾಗಿ ಜಗ್ಗಾಡುವುದು ಆ 14,000ದ ಮೇಲೆ ಮಾತ್ರ. ನಾನೂ 13,000ಕ್ಕೆ ಕೇಳಿದೆ. ಉತ್ತರ ಹೀಗಿತ್ತು: “ಬಾಜೂದವ್ರು ಹದಿನಾಲ್ಕ ಕೊಡಾಕತ್ತಾರ್ರಿ. ನಿಮಗ ಕಡಿಮಿ ಮಾಡಿದ್ರ ನಾಳೆ ಅವ್ರೂ ಬಂದು ಕುಂದರ್ತಾರ.”

ಇದು ನೆವವಲ್ಲ. ಒಂದೇ ಸಾಲಿನಲ್ಲಿ ನಾಲ್ಕು ಗಾಳಾ ಇದ್ದವರಿಗೆ ಒಂದರ ದರ ಇಳಿದರೆ ನಾಲ್ಕರದ್ದೂ ಇಳಿದಂತೆ. ಹಾಗಾಗಿ ಬಾಡಿಗೆಯನ್ನು ಅಲ್ಲೇ ಬಿಟ್ಟು, ನೆರೆಯವರ ಕಣ್ಣಿಗೆ ಬೀಳದ ಎರಡು ವಿಷಯ ಹಿಡಿದೆ: ಏರಿಕೆ ಶೇ. 5 ಇರಲಿ, ಫರ್ನಿಚರ್ ಕೂಡಿಸುವ ಮೊದಲ ತಿಂಗಳು ಬಾಡಿಗೆ ಬೇಡ. ಲೆಕ್ಕ ಹಾಕಿ ನೋಡಿ. 13,000 ಬಾಡಿಗೆಗೆ ಶೇ. 10 ಏರಿದರೆ ಮೂರು ವರ್ಷಕ್ಕೆ 5,16,360 ರೂಪಾಯಿ. 14,000ಕ್ಕೆ ಶೇ. 5 ಏರಿ, ಒಂದು ತಿಂಗಳು ಬಿಟ್ಟರೆ 5,15,620. ಬಾಡಿಗೆಯಲ್ಲಿ ಸಾವಿರ ಇಳಿಸಿಕೊಂಡದ್ದಕ್ಕಿಂತ ಇದೇ ತುಸು ಅಗ್ಗ. ಮೂಲದಲ್ಲಿ ಕೇಳಿದಂತೆಯೇ ಕೊಟ್ಟಿದ್ದರೆ 5,56,080 ಆಗುತ್ತಿತ್ತು.

ಡಿಪಾಜಿಟ್ ಅನ್ನೂ ಬಾಡಿಗೆಯ ಭಾಷೆಗೆ ಇಳಿಸಿ ನೋಡಬೇಕು. ಬಂಗಾರ ಅಡವಿಟ್ಟು ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಗೆ ಹಣ ತಂದರೆ, 2 ಲಕ್ಷಕ್ಕೆ ತಿಂಗಳಿಗೆ 2,000 ಹೋಗುತ್ತದೆ. 1 ಲಕ್ಷ 20 ಸಾವಿರಕ್ಕೆ ಒಪ್ಪಿಸಿದ್ದರಿಂದ ತಿಂಗಳಿಗೆ 800 ಉಳಿಯಿತು. ಆದರೆ ಮೊತ್ತಕ್ಕಿಂತ ಅದು ಮರಳಿ ಬರುವ ವಾಕ್ಯವೇ ಮುಖ್ಯ. ಟೈಪ್ ಮಾಡಿ ತಂದ ಕರಡಿನಲ್ಲಿ “ಹೊಸ ಬಾಡಿಗೆದಾರ ಬಂದ ನಂತರ ಡಿಪಾಜಿಟ್ ಮರಳಿಸತಕ್ಕದ್ದು” ಎಂದಿತ್ತು. ಹೊಸಬ ಎಂದು ಬರುತ್ತಾನೋ! ಅದನ್ನು ಹೊಡೆಸಿ, ಕೀಲಿ ಒಪ್ಪಿಸುವ ದಿನವೇ ಹಣ ಎಂದು ಬರೆಸಿದೆ. ಮುರಿದುಕೊಳ್ಳಬಹುದಾದದ್ದು ಬಾಡಿಗೆ ಬಾಕಿ, ಕರೆಂಟ್ ಬಿಲ್ ಮತ್ತು ಪಟ್ಟಿ ಮಾಡಿದ ಹಾನಿ ಮಾತ್ರ. ಸುಣ್ಣ ಬಣ್ಣ ಅದರಲ್ಲಿ ಸೇರದು ಎಂಬುದೂ ಬಂತು. ಹಣವನ್ನು ಚೆಕ್‌ನಲ್ಲೇ ಕೊಟ್ಟು, ಚೆಕ್ ನಂಬರನ್ನೂ ಕರಾರಿನಲ್ಲಿ ಹಾಕಿಸಿದೆ.

ಇನ್ನು 11 ತಿಂಗಳ ಬಾಂಡ್. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಅದನ್ನು ತಪ್ಪಿಸಲೆಂದೇ 11. ಅದರಲ್ಲಿ ಬರೆದ ಎರಡನೇ, ಮೂರನೇ ವರ್ಷದ ಏರಿಕೆಗೆ ಬಲವಿಲ್ಲ, ಹನ್ನೆರಡನೇ ತಿಂಗಳು ಮಾತು ಮತ್ತೆ ಸೊನ್ನೆಯಿಂದ ಶುರು. ಮೂರು ವರ್ಷ ಎಂದು ಬರೆದು ನೋಂದಣಿ ಬಿಟ್ಟರೆ ಇನ್ನೂ ಕಷ್ಟ. ಅದರ ಷರತ್ತುಗಳನ್ನು ಕೋರ್ಟು ಸಾಕ್ಷಿಯಾಗಿ ಒಪ್ಪುವುದಿಲ್ಲ, ಸಾಮಾನ್ಯವಾಗಿ ತಿಂಗಳ ಬಾಡಿಗೆ ಎಂದೇ ಹಿಡಿಯುತ್ತದೆ. ಆಗ ಮಾಲಕರು 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ರ್‍ಯಾಕು, ಕೌಂಟರು, ಬೋರ್ಡಿಗೆ ಲಕ್ಷಾಂತರ ಹಾಕುವವರು ಮೂರು ವರ್ಷಕ್ಕೇ ನೋಂದಣಿ ಮಾಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಖರ್ಚನ್ನು ಅರ್ಧರ್ಧ ಮಾಡಿಕೊಂಡೆವು. ಮೂರು ವರ್ಷ ಬಿಡಿಸಬಾರದೆಂಬ ಕಟ್ಟು ಮಾಲಕರಿಗೆ; ನನಗೆ ಮೊದಲ ಆರು ತಿಂಗಳಾದ ಮೇಲೆ, ಎರಡು ತಿಂಗಳ ನೋಟಿಸ್ ಕೊಟ್ಟು ಬಿಡುವ ಹಕ್ಕು. ವ್ಯಾಪಾರ ನಡೆಯದಿದ್ದರೆ ಇದೊಂದೇ ಬಾಗಿಲು.

ಸಹಿಗೆ ಮೊದಲು ಆಸ್ತಿ ಯಾರದ್ದೆಂದು ತೋರಿಸುವ ಉತಾರ ನೋಡಿದಾಗ ಮೂವರು ಅಣ್ಣತಮ್ಮಂದಿರ ಹೆಸರಿತ್ತು, ಮಾತಾಡುತ್ತಿದ್ದವರು ಒಬ್ಬರೇ. ಮೂವರ ಸಹಿಯೂ ಬೇಕೆಂದೆ, ಹತ್ತು ದಿನ ತಡವಾಯಿತು, ಆಗಲಿ. ಹೆಸ್ಕಾಂ ಬಿಲ್ಲಿನ ಆರ್.ಆರ್. ನಂಬರ್ ಹಿಡಿದು ಹಳೆ ಬಾಕಿ ಇದೆಯೇ, ಮೀಟರ್ ವಾಣಿಜ್ಯ ದರದ್ದೇ ಎಂದೂ ನೋಡಬೇಕು. ಬಾಡಿಗೆಗೆ ಜಿಎಸ್‌ಟಿ ಬೇರೆಯೋ ಒಳಗೋ ಎಂದು ಬರೆಸದಿದ್ದರೆ, ಮಾಲಕರು ನೋಂದಾಯಿತರಾಗಿದ್ದಲ್ಲಿ ಮೇಲೆ ಶೇ. 18 ಬೀಳುತ್ತದೆ.

ಜಾಗವನ್ನು ಜುಲೈ ಮಳೆಯಲ್ಲಿ ನೋಡುವುದು ಒಳ್ಳೆಯದು. ಬೇಸಿಗೆಯಾದರೆ ಶಟರ್ ಅರ್ಧ ಇಳಿಸಿ, ಒಳಗೋಡೆಯ ಬುಡಕ್ಕೆ ಮೊಬೈಲ್ ಟಾರ್ಚಿನ ಬೆಳಕನ್ನು ಅಡ್ಡವಾಗಿ ಬಿಡಿ. ಹೊಸ ಬಣ್ಣದಡಿಯಲ್ಲೂ ಬುಡದಿಂದ ಒಂದು ಗೇಣು ಎತ್ತರಕ್ಕೆ ಪುಟ್ಟಿ ಉಬ್ಬಿದ್ದು ಕಾಣುತ್ತದೆ. ನನಗೆ ಹಿಂಗೋಡೆಯಲ್ಲಿ ಕಂಡಿತು. ಫೋಟೋ ತೆಗೆದು ಕರಾರಿಗೆ ಲಗತ್ತಿಸಿ, ಸೋರಿಕೆ ರಿಪೇರಿ ಮಾಲಕರದ್ದು, 15 ದಿನದಲ್ಲಿ ಆಗದಿದ್ದರೆ ನಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವೆ ಎಂದು ಸೇರಿಸಿದ ಮೇಲೆಯೇ ಚೆಕ್ ಕೊಟ್ಟದ್ದು.