ನುಡಿನಮನದಲ್ಲಿ ಮುಜುಗರ ತರುವ ಆ ಒಂದು ಸಾಲು

ಹದಿಮೂರನೇ ದಿನದ ಊಟಕ್ಕೆ ಮುಂಚೆ ಮನೆಯವರು ನಾಲ್ಕು ಮಾತಾಡಬೇಕು. ಬರೆದುಕೊಂಡ ಹಾಳೆಯಲ್ಲಿ ಹುಟ್ಟಿದ ಊರು, ಮಾಡಿದ ಕೆಲಸ, ಸಾಕಿದ ಸಂಸಾರ ಎಲ್ಲ ಸರಾಗವಾಗಿ ಬಂದಿರುತ್ತದೆ. ಸ್ವಭಾವದ ಮಾತು ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಪೇಟೆಯಲ್ಲಿ ಟೈಲರ್ ಅಂಗಡಿ ನಡೆಸುತ್ತಿದ್ದ ತಂದೆಯ ಬಗ್ಗೆ ಮಗಳು ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ:

‘ನಮ್ಮ ತಂದೆ ಸ್ವಲ್ಪ ಮುಂಗೋಪಿ, ಬಾಯಿ ಜೋರು, ಆದರೆ ಮನಸ್ಸು ಮಾತ್ರ ಬೆಣ್ಣೆ.’

ಮೊದಲು ಈ ಸಾಲಿನಲ್ಲಿ ಕೆಟ್ಟಿರುವುದು ಏನೆಂದು ನೋಡಿ. ಮುಂಗೋಪದ ವಿಷಯ ಸಭೆಯಲ್ಲಿ ಕೂತವರಿಗೆಲ್ಲ ಗೊತ್ತು, ಅದನ್ನು ಹೇಳಿದ್ದು ತಪ್ಪಲ್ಲ. ತೊಡಕಿರುವುದು ‘ಆದರೆ’ಯಲ್ಲಿ. ಬೈಸಿಕೊಂಡವರ ನೋವನ್ನು ಒಂದೇ ಉಸಿರಿನಲ್ಲಿ ಎತ್ತಿ, ಅದೇ ಉಸಿರಿನಲ್ಲಿ ಅದು ಲೆಕ್ಕಕ್ಕಿಲ್ಲ ಎಂದಂತಾಗುತ್ತದೆ. ‘ಬೆಣ್ಣೆ’ಗೆ ಸಾಕ್ಷಿಯೂ ಇಲ್ಲ.

ಇಲ್ಲಿ ಸಾಮಾನ್ಯವಾಗಿ ಎರಡು ಅಡ್ಡದಾರಿ ಹೊಳೆಯುತ್ತವೆ. ಒಂದು, ‘ಶಿಸ್ತಿನ ಸಿಪಾಯಿ’, ‘ನೇರ ನಡೆ ನುಡಿಯವರು’ ಎಂದು ಬಣ್ಣ ಬಳಿಯುವುದು. ನಮ್ಮ ಶ್ರದ್ಧಾಂಜಲಿ ಸಭೆಗಳಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ, ಕೇಳಿದೊಡನೆ ಹಿಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇನ್ನೊಂದು, ಸಾಲನ್ನೇ ಹೊಡೆದುಹಾಕುವುದು. ಬಿಟ್ಟರೆ ಸುಳ್ಳಾಗುವುದಿಲ್ಲ ನಿಜ. ಆದರೆ ಆ ಜಾಗಕ್ಕೆ ‘ಯಾರಿಗೂ ಗದರಿದವರಲ್ಲ’ ಎಂದು ಬರೆದರೆ ಅದು ಸುಳ್ಳೇ.

ಈಗ ತಿದ್ದೋಣ. ‘ಮುಂಗೋಪಿ’ ಎಂದರೆ ಇಡೀ ಮನುಷ್ಯನಿಗೆ ಹಣೆಪಟ್ಟಿ ಕಟ್ಟಿದಂತೆ. ‘ಅಪ್ಪನಿಗೆ ಬೇಗ ಕೋಪ ಬರುತ್ತಿತ್ತು’ ಎಂದು ನೋಡಿ. ವಿಷಯ ಅದೇ, ಒಂದಿಷ್ಟೂ ಮುಚ್ಚಿಟ್ಟಿಲ್ಲ. ಆದರೂ ಕೋಪ ಬಂದು ಹೋಗುವ ಸಂಗತಿಯಾಯಿತು, ಅಪ್ಪ ಅದಕ್ಕಿಂತ ದೊಡ್ಡವರಾಗಿ ಉಳಿದರು. ‘ಸ್ವಲ್ಪ’ ತೆಗೆದುಹಾಕಿ. ಅದು ಸ್ವಲ್ಪವಾಗಿರಲಿಲ್ಲ ಎಂಬುದು ಅಂಗಡಿಯಲ್ಲಿ ದುಡಿದ ಹುಡುಗರಿಗೆ ಗೊತ್ತು.

ಮುಂದಿನ ಕೆಲಸ, ‘ಬೆಣ್ಣೆ’ಯ ಜಾಗಕ್ಕೆ ಕಣ್ಣಾರೆ ಕಂಡ ಒಂದು ನಡವಳಿಕೆ ತರುವುದು. ಮಗಳಿಗೆ ನೆನಪಾಗುವುದು ಇದು: ಕಾಲರ್ ಸೊಟ್ಟಗಾದರೆ ಹುಡುಗನಿಗೆ ಬೈಗುಳ ಗ್ಯಾರಂಟಿ, ಬೈದಾದ ಮೇಲೆ ಅಪ್ಪ ತಾವೇ ಹೊಲಿಗೆ ಬಿಚ್ಚಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹೊಲಿದು ತೋರಿಸುತ್ತಿದ್ದರು. ಇದನ್ನು ಬರೆಯುವ ಮೊದಲು ಅಲ್ಲಿದ್ದವರೊಬ್ಬರನ್ನು ಕೇಳಬೇಕು. ಹಳೆಯ ಕೆಲಸಗಾರನಿಗೆ ಫೋನ್ ಮಾಡಿದರೆ ಆತ, ‘ತೋರಿಸಿಕೊಡ್ತಿದ್ರು ಅಕ್ಕಾ, ಹಬ್ಬದ ಸೀಸನ್ನಲ್ಲಿ ಮಾತ್ರ ಬರೀ ಬೈಗುಳಾನೇ’ ಎನ್ನಬಹುದು. ಹಾಗಿದ್ದರೆ ‘ಯಾವಾಗಲೂ’ ಎಂದು ಬರೆಯುವಂತಿಲ್ಲ, ‘ಎಷ್ಟೋ ಸಲ’ ಎಂದರೆ ಸರಿಹೋಗುತ್ತದೆ.

ತಿದ್ದಿದ ಮೇಲೆ ಸಾಲು ಹೀಗಾಗುತ್ತದೆ:

‘ಅಪ್ಪನಿಗೆ ಬೇಗ ಕೋಪ ಬರುತ್ತಿತ್ತು. ಕಾಲರ್ ಸೊಟ್ಟಗಾದರೆ ಅಂಗಡಿಯ ಹುಡುಗರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಎಷ್ಟೋ ಸಲ ಬೈದಾದ ಮೇಲೆ ತಾವೇ ಆ ಹೊಲಿಗೆ ಬಿಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡು ಹೊಲಿದು ತೋರಿಸುತ್ತಿದ್ದರು.’

‘ಆದರೆ’ ಎಲ್ಲೂ ಇಲ್ಲ. ಎರಡೂ ಸಂಗತಿ ಅಕ್ಕಪಕ್ಕ ನಿಂತಿವೆ, ತೂಗಿ ನೋಡುವುದು ಕೇಳುವವರಿಗೆ ಬಿಟ್ಟದ್ದು.

ಇದಕ್ಕೆ ಬಾಲವಾಗಿ ‘ಅವರಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂದು ಸೇರಿಸುವ ರೂಢಿಯಿದೆ. ನನಗೆ ಅದು ಒಗ್ಗುವುದಿಲ್ಲ. ನೋವಾದದ್ದು ಗೊತ್ತಿದ್ದೂ ‘ಆಗಿದ್ದರೆ’ ಎನ್ನುವುದು ಆ ನೋವನ್ನೇ ಅನುಮಾನಿಸಿದಂತೆ. ಹೇಳಲೇಬೇಕೆಂದಿದ್ದರೆ ‘ನೊಂದವರು ಇಲ್ಲಿದ್ದೀರಿ, ನನಗೆ ಗೊತ್ತಿದೆ’ ಎಂದಷ್ಟೇ ಹೇಳಿ. ‘ನಾವೆಲ್ಲ ಅದನ್ನು ಮರೆತಿದ್ದೇವೆ’ ಎಂದಂತೂ ಬೇಡ, ಅಪ್ಪನೊಡನೆ ಮಾತು ಬಿಟ್ಟ ತಮ್ಮನಿದ್ದರೆ ಅವನ ಪರವಾಗಿ ಅದನ್ನು ಹೇಳುವ ಹಕ್ಕು ಅಕ್ಕನಿಗಿಲ್ಲ.

ಹಿಂದಿನ ದಿನ ಸಾಲನ್ನು ಇಬ್ಬರಿಗೆ ಓದಿ ಹೇಳಿ: ಅವರನ್ನು ತುಂಬ ಹಚ್ಚಿಕೊಂಡಿದ್ದವರಿಗೊಮ್ಮೆ, ಅವರಿಂದ ಹೆಚ್ಚು ಬೈಸಿಕೊಂಡವರಿಗೊಮ್ಮೆ. ಅಮ್ಮ ‘ಇದ್ಯಾಕೆ ಈಗ’ ಎಂದರೆ ಸಾಲನ್ನೇ ಬಿಟ್ಟುಬಿಡಿ. ಹಾಳೆ ನಿಮ್ಮದಾದರೂ ದುಃಖದಲ್ಲಿ ಮೊದಲ ಪಾಲು ಅವರದು. ಬೈಸಿಕೊಂಡವನು ಸುಮ್ಮನೆ ತಲೆ ತಗ್ಗಿಸಿದರೆ ಎರಡನೆಯ ಅರ್ಧ ಸಿಹಿ ಹೆಚ್ಚಾಗಿದೆ ಎಂದು ತಿಳಿದು, ಇನ್ನೊಂದು ಪದ ಕಡಿಮೆ ಮಾಡಿ.

ಈ ವಿಧಾನ ಕೋಪ, ಜಿಪುಣತನ, ಹಟದಂಥ ಸ್ವಭಾವಗಳಿಗೆ ಸರಿ. ಮನೆಯಲ್ಲಿ ಹೊಡೆತವಿತ್ತು, ಕುಡಿತದಿಂದ ಸಂಸಾರ ಹಾಳಾಯಿತು ಎಂಬಲ್ಲಿ ಇದನ್ನು ಬಳಸಬೇಡಿ. ಮೆದುವಾಗಿ ಹೇಳಿದಷ್ಟೂ ನೊಂದವರಿಗೆ ಅನ್ಯಾಯ. ಅಲ್ಲಿ ಸ್ವಭಾವದ ಮಾತನ್ನೇ ಎತ್ತದೆ ಮಾಡಿದ ಕೆಲಸ, ಕಲಿಸಿದ ವಿದ್ಯೆಯ ಬಗ್ಗೆ ನಾಲ್ಕು ನಿಜ ಹೇಳಿ ಕೂತರೆ ಸಾಕು.

ಸಾಲನ್ನು ಹಾಳೆಯ ನಡುವೆ, ಅಂಗಡಿಯ ವಿವರ ಬಂದ ಮೇಲೆ ಇಡಿ. ಕೊನೆಯಲ್ಲಿಟ್ಟರೆ ಊಟದ ಪಂಕ್ತಿಯಲ್ಲಿ ಜನರ ಬಾಯಲ್ಲಿ ಅದೊಂದೇ ಉಳಿಯುತ್ತದೆ.